ತಂತಿಯ ಮೇಲೆ ತೂಗಿದ ವೋಲ್ಟು

ಬರ್ಲಿನ್ನಿನ ಯೋಹಾನ್ ಕ್ರಿಸ್ಟಿಯಾನ್ ಪೊಗೆನ್‌ಡಾರ್ಫ್ 1824ರಿಂದ ಸಾಯುವ ತನಕ ಭೌತವಿಜ್ಞಾನದ ಪತ್ರಿಕೆಯೊಂದರ ಸಂಪಾದಕನಾಗಿದ್ದ. ಅರ್ಧ ಶತಮಾನ ಬೇರೆಯವರ ಲೇಖನ ತಿದ್ದಿದವನೆಂದೇ ಅವನ ಹೆಸರು ಉಳಿದಿದೆ. ಆದರೆ 1841ರಲ್ಲಿ ಅವನೇ ಪ್ರಕಟಿಸಿದ ಒಂದು ವಿಧಾನ ಮುಂದೆ ಪೊಟೆನ್ಶಿಯೋಮೀಟರ್ ಆಯಿತು. ಅವನನ್ನು ಕಾಡಿದ್ದು ‘ಅಸ್ಥಿರ’ ವಿದ್ಯುತ್ಕೋಶಗಳು. ಸತು ಮತ್ತು ತಾಮ್ರದ ಫಲಕಗಳನ್ನು ಆಮ್ಲದಲ್ಲಿ ಅದ್ದಿದರೆ ಕರೆಂಟು ಬರುತ್ತದೆ. ಹರಿಯತೊಡಗಿದ ಕೂಡಲೇ ತಾಮ್ರದ ಮೇಲೆ ಹೈಡ್ರೋಜನ್ ಗುಳ್ಳೆಗಳು ಕೂತು ಕೋಶದ ಬಲ ಕುಗ್ಗುತ್ತದೆ. ಎರಡು ಬೇರೆ ಬೇರೆ ರೋಧಗಳ ಮೂಲಕ ಕರೆಂಟು ಹರಿಸಿ, ಎರಡು ಅಳತೆಗಳಿಂದ ಕೋಶದ ವಿದ್ಯುಚ್ಚಾಲಕ ಬಲವನ್ನು ಲೆಕ್ಕ ಹಾಕುವ ದಾರಿ ಓಮ್‌ನ ನಿಯಮದಿಂದ ಸಿಕ್ಕಿತ್ತು ನಿಜ. ಆದರೆ ಮೊದಲ ಅಳತೆ ಮುಗಿಯುವಷ್ಟರಲ್ಲಿ ಕೋಶವೇ ಬದಲಾಗಿರುತ್ತಿತ್ತು. ಕೋಶದ ಬಲ ಹುಟ್ಟುವುದು ಲೋಹಗಳ ಸ್ಪರ್ಶದಿಂದಲೋ ರಾಸಾಯನಿಕ ಕ್ರಿಯೆಯಿಂದಲೋ ಎಂದು ಯುರೋಪಿನ ವಿದ್ವಾಂಸರು ಕಚ್ಚಾಡುತ್ತಿದ್ದ ಕಾಲವದು. ಎರಡೂ ಪಕ್ಷಕ್ಕೆ ಸಂಖ್ಯೆಗಳು ಬೇಕಿದ್ದವು. ಸಂಖ್ಯೆ ಕೊಡಬೇಕಾದ ಕೋಶ ಮಾತ್ರ ಮುಟ್ಟಿದರೆ ಮುದುಡುತ್ತಿತ್ತು.

ಪೊಗೆನ್‌ಡಾರ್ಫ್ ಹಿಡಿದ ದಾರಿ ಕರೆಂಟನ್ನು ಕೇಳದೇ ಇರುವುದು. ಸ್ಥಿರವಾದ ಇನ್ನೊಂದು ಕೋಶದಿಂದ ಒಂದು ತಂತಿಯಲ್ಲಿ ಒಂದೇ ಸಮನೆ ಕರೆಂಟು ಹರಿಸಿದರೆ ತಂತಿಯುದ್ದಕ್ಕೂ ವಿಭವ ಇಳಿಯುತ್ತಾ ಹೋಗುತ್ತದೆ. ಅಳೆಯಬೇಕಾದ ಕೋಶವನ್ನು ಈ ಇಳಿತಕ್ಕೆ ಎದುರಾಗಿ, ನಡುವೆ ಗ್ಯಾಲ್ವನೋಮೀಟರ್ ಇಟ್ಟು ಜೋಡಿಸಬೇಕು. ತಂತಿಯ ಭಾಗದ ಇಳಿತ ಕೋಶದ ಬಲಕ್ಕಿಂತ ಹೆಚ್ಚಿದ್ದರೆ ಮುಳ್ಳು ಒಂದು ಕಡೆಗೆ, ಕಡಿಮೆಯಿದ್ದರೆ ಇನ್ನೊಂದು ಕಡೆಗೆ ವಾಲುತ್ತದೆ. ಎರಡೂ ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಆಗ ಕೋಶದಿಂದ ಕರೆಂಟು ಹರಿಯುತ್ತಿಲ್ಲ, ಗುಳ್ಳೆ ಹುಟ್ಟುತ್ತಿಲ್ಲ, ಬಲ ಕುಗ್ಗುತ್ತಿಲ್ಲ. ಸ್ಪ್ರಿಂಗ್ ತಕ್ಕಡಿಗೂ ಎರಡು ತಟ್ಟೆಯ ತಕ್ಕಡಿಗೂ ಇರುವ ವ್ಯತ್ಯಾಸವೇ ಇಲ್ಲಿಯದು: ಮೊದಲನೆಯದರಲ್ಲಿ ಸ್ಪ್ರಿಂಗನ್ನು ನಂಬಬೇಕು, ಎರಡನೆಯದರಲ್ಲಿ ಮುಳ್ಳು ನಡುವೆ ನಿಂತಿದೆಯೇ ಎಂದು ನೋಡಿದರೆ ಸಾಕು. ಗ್ಯಾಲ್ವನೋಮೀಟರಿನ ಗೆರೆಗಳು ಸೊಟ್ಟಗಿದ್ದರೂ ಅದರ ಆಯಸ್ಕಾಂತ ಹಳೆಯದಾಗಿದ್ದರೂ ಉತ್ತರ ಕೆಡುವುದಿಲ್ಲ, ಸೊನ್ನೆಯ ಆಸುಪಾಸಿನಲ್ಲಿ ಅದು ಸೂಕ್ಷ್ಮವಾಗಿದ್ದರಾಯಿತು.

ವೋಲ್ಟ್‌ಮೀಟರ್ ಎಲ್ಲಿ ಸೋಲುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಸುರುಳಿ ತಿರುಗುವ ಸಾಮಾನ್ಯ ವೋಲ್ಟ್‌ಮೀಟರ್ ವಾಸ್ತವವಾಗಿ ದೊಡ್ಡ ರೋಧವನ್ನು ಸರಣಿಯಲ್ಲಿ ಜೋಡಿಸಿಕೊಂಡ ಕರೆಂಟು ಮಾಪಕ. ಮುಳ್ಳು ಅಲುಗಬೇಕಾದರೆ ಕೋಶವೇ ಕರೆಂಟು ಕೊಡಬೇಕು. ಆ ಕರೆಂಟು ಕೋಶದ ಆಂತರಿಕ ರೋಧವನ್ನು ದಾಟುವಾಗ ಒಂದಷ್ಟು ವೋಲ್ಟು ಒಳಗೇ ಇಳಿದುಹೋಗುತ್ತದೆ. ಹೊರಗೆ ಕಾಣುವುದು ಉಳಿದದ್ದು. 300 ಓಮ್ ರೋಧದ ವೋಲ್ಟ್‌ಮೀಟರನ್ನು 3 ಓಮ್ ಆಂತರಿಕ ರೋಧದ, 1.5 ವೋಲ್ಟಿನ ಕೋಶಕ್ಕೆ ಜೋಡಿಸಿದರೆ ಅದು ತೋರಿಸುವುದು ಸುಮಾರು 1.485 ವೋಲ್ಟ್. ಇದು ಸಣ್ಣ ತಪ್ಪು, ಹೆಚ್ಚಿನವರು ಲೆಕ್ಕಿಸುವುದಿಲ್ಲ. ಅದೇ ವೋಲ್ಟ್‌ಮೀಟರನ್ನು ವೆಸ್ಟನ್ ಕೋಶಕ್ಕೆ ಹಚ್ಚಿದರೆ ಕಥೆ ಬೇರೆ. ಪ್ರಯೋಗಶಾಲೆಗಳು ಪ್ರಮಾಣವಾಗಿ ಇಟ್ಟುಕೊಂಡ ಆ ಕೋಶದ ಬಲ 20 ಡಿಗ್ರಿಯಲ್ಲಿ ಸುಮಾರು 1.0183 ವೋಲ್ಟ್. ಅದರ ಒಳಗಿನ ರೋಧ ನೂರಾರು ಓಮ್ ಇರುತ್ತದೆ. 200 ಓಮ್ ಎಂದಿಟ್ಟುಕೊಂಡರೂ ಮುಳ್ಳು ತೋರಿಸುವುದು 0.61 ವೋಲ್ಟ್ ಮಾತ್ರ. ಸಾಲದ್ದಕ್ಕೆ, ಕೆಲವು ಮೈಕ್ರೋಆಂಪಿಯರಿಗಿಂತ ಹೆಚ್ಚು ಕೊಡಬಾರದ ಕೋಶದಿಂದ 2 ಮಿಲಿಆಂಪಿಯರ್ ಎಳೆದು ಪ್ರಮಾಣವನ್ನೇ ಕೆಡಿಸಿದಂತಾಗುತ್ತದೆ.

ಪೊಗೆನ್‌ಡಾರ್ಫ್ ನಂತರದ ಕಥೆಯನ್ನು ಚುಟುಕಾಗಿ ಹೇಳಬಹುದು. ಬರ್ಲಿನ್ನಿನಲ್ಲೇ ಇದ್ದ ಶರೀರವಿಜ್ಞಾನಿ ಡು ಬ್ವಾ ರೇಮೊಂ ಸ್ನಾಯು ಮತ್ತು ನರಗಳ ಅತಿಸಣ್ಣ ವಿದ್ಯುತ್ತನ್ನು ಅಳೆಯಲು ಈ ವಿಧಾನವನ್ನು ಜಾರುವ ಸಂಪರ್ಕದ ತಂತಿಗೆ ತಂದ. ಇಂಗ್ಲೆಂಡಿನ ಟೆಲಿಗ್ರಾಫ್ ಎಂಜಿನಿಯರ್ ಲ್ಯಾಟಿಮರ್ ಕ್ಲಾರ್ಕ್ 1870ರ ದಶಕದ ಆರಂಭದಲ್ಲಿ ತನ್ನ ಪ್ರಮಾಣಿತ ಕೋಶವನ್ನು ಮುಂದಿಟ್ಟ. 15 ಡಿಗ್ರಿಯಲ್ಲಿ ಅದು 1.434 ವೋಲ್ಟ್. ಉಷ್ಣತೆ ಬದಲಾದರೆ ಅದು ಗಣನೀಯವಾಗಿ ಬದಲಾಗುತ್ತಿತ್ತು, ಹಾಗಾಗಿಯೇ 1890ರ ದಶಕದಲ್ಲಿ ಬಂದ ವೆಸ್ಟನ್ ಕೋಶ ಅದರ ಜಾಗ ಹಿಡಿಯಿತು. ಪ್ರಮಾಣ ಸಿಕ್ಕಿದ ಮೇಲೆ ತಂತಿಗೆ ಕರೆಂಟು ಕೊಡುವ ಬ್ಯಾಟರಿಯ ನಿಖರ ಬಲವಾಗಲಿ ಒಳರೋಧವಾಗಲಿ ಗೊತ್ತಿರಬೇಕಾದ ಅಗತ್ಯವೇ ಬೀಳಲಿಲ್ಲ. ಹತ್ತು ಮೀಟರ್ ತಂತಿ, 2 ವೋಲ್ಟಿನ ಬ್ಯಾಟರಿ ಇದೆಯೆನ್ನಿ. ವೆಸ್ಟನ್ ಕೋಶ 525 ಸೆಂಟಿಮೀಟರಿನಲ್ಲಿ ಸಮವಾಯಿತು, ಅಳೆಯಬೇಕಾದ ಕೋಶ 771ರಲ್ಲಿ. 1.0183ನ್ನು 771ರಿಂದ ಗುಣಿಸಿ 525ರಿಂದ ಭಾಗಿಸಿದರೆ 1.4954 ವೋಲ್ಟ್. ಬಿಂದು ಗುರುತಿಸುವಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಏರುಪೇರಾಗುವುದು ಒಂದು ವೋಲ್ಟಿನ ಹತ್ತು ಸಾವಿರದಲ್ಲಿ ಎರಡು ಮೂರು ಪಾಲು. ಅದೇ ಕೋಶಕ್ಕೆ 10 ಓಮ್ ರೋಧವನ್ನು ಅಡ್ಡಲಾಗಿ ಜೋಡಿಸಿದಾಗ ಬಿಂದು 593ಕ್ಕೆ ಜಾರಿದರೆ ಕೋಶದ ಒಳಗಿನ ರೋಧ 3 ಓಮ್ ಎಂಬುದೂ ಸಿಕ್ಕಿಬಿಡುತ್ತದೆ.

‘ಹಾಗಾದರೆ ನಿಖರತೆ ಪ್ರಮಾಣಿತ ಕೋಶದ್ದು, ಉಪಕರಣದ್ದಲ್ಲವಲ್ಲ’ ಎಂದು ಯಾರಾದರೂ ಕೇಳಬಹುದು. ಕೇಳುವುದು ಸರಿ. ಪೊಟೆನ್ಶಿಯೋಮೀಟರ್ ಹೋಲಿಸುತ್ತದೆ, ಅಷ್ಟೇ. ಆ ಹೋಲಿಕೆಯೂ ತಂತಿ ಎಲ್ಲೆಡೆ ಒಂದೇ ದಪ್ಪವಿದ್ದರೆ, ಎರಡು ಅಳತೆಗಳ ನಡುವೆ ಬ್ಯಾಟರಿ ಇಳಿಯದಿದ್ದರೆ ಮಾತ್ರ ನೆಟ್ಟಗಿರುತ್ತದೆ. ಅದಕ್ಕೇ ಕೊನೆಯಲ್ಲಿ ಪ್ರಮಾಣಿತ ಕೋಶವನ್ನು ಮತ್ತೊಮ್ಮೆ ಹಚ್ಚಿ ಬಿಂದು 525ರಲ್ಲೇ ಇದೆಯೇ ನೋಡುವುದು. ಜಾಕಿಯನ್ನು ತಂತಿಯ ಮೇಲೆ ಉಜ್ಜಿಕೊಂಡು ಹೋದರೆ ತಂತಿ ಸವೆಯುತ್ತದೆ. ಮುಟ್ಟಿ ಎತ್ತಬೇಕು, ಬಿಂದು ಹುಡುಕುವಾಗಲೂ ಕೋಶಕ್ಕೆ ಕ್ಷಣಮಾತ್ರದ ಹೊರೆ ಬೀಳುವಂತೆ. ಎಲ್ಲಿ ಮುಟ್ಟಿದರೂ ಮುಳ್ಳು ಒಂದೇ ಕಡೆಗೆ ಹೋದರೆ ಒಂದೋ ಕೋಶದ ಧನ ತುದಿ ಬ್ಯಾಟರಿಯ ಧನ ತುದಿಯಿರುವ ಕಡೆಗೆ ಜೋಡಣೆಯಾಗಿಲ್ಲ, ಇಲ್ಲವೇ ತಂತಿಯ ಮೇಲಿನ ಒಟ್ಟು ಇಳಿತವೇ ಕೋಶದ ಬಲಕ್ಕಿಂತ ಕಡಿಮೆ. ಮೈಕ್ರೋವೋಲ್ಟುಗಳನ್ನು ಅಳೆಯುವಾಗ ಬೇರೆ ಲೋಹಗಳು ಕೂಡುವ ಜಾಗದಲ್ಲಿ ಉಷ್ಣದಿಂದ ಹುಟ್ಟುವ ವೋಲ್ಟೂ ತೊಡಕಾಗುತ್ತದೆ. ತಾಮ್ರದೊಂದಿಗೆ ಕೂಡಿದ ಕಾನ್‌ಸ್ಟಂಟನ್ ಒಂದು ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್ ಕೊಡುತ್ತದೆ, ಮ್ಯಾಂಗನಿನ್ ಅದರ ಅತಿಸಣ್ಣ ಪಾಲು. ಸೂಕ್ಷ್ಮ ಉಪಕರಣಗಳಿಗೆ ಮ್ಯಾಂಗನಿನ್ನನ್ನೇ ಆರಿಸಿದ್ದು ಇದಕ್ಕೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಈಗಿನ ಡಿಜಿಟಲ್ ಮಲ್ಟಿಮೀಟರಿನ ರೋಧ ಸಾಮಾನ್ಯವಾಗಿ 1 ಕೋಟಿ ಓಮ್. ನಮ್ಮ 3 ಓಮ್ ಕೋಶಕ್ಕೆ ಅದರ ಹೊರೆ ಹತ್ತು ಲಕ್ಷದಲ್ಲಿ ಒಂದು ಪಾಲೂ ಅಲ್ಲ. ಹೀಗಿರುವಾಗ ಹತ್ತು ಮೀಟರ್ ತಂತಿ ಎಳೆಯುವುದು ಏಕೆ? ದಿನಬಳಕೆಗೆ ಖಂಡಿತ ಬೇಡ. 2022ರ ಪರಿಷ್ಕರಣೆಯಲ್ಲಿ ಎನ್‌ಸಿಇಆರ್‌ಟಿ ಹನ್ನೆರಡನೆಯ ತರಗತಿಯ ಭೌತವಿಜ್ಞಾನದಿಂದ ಪೊಟೆನ್ಶಿಯೋಮೀಟರ್ ಭಾಗವನ್ನು ಕೈಬಿಟ್ಟಿತು. ನಮ್ಮ ದ್ವಿತೀಯ ಪಿಯುಸಿಗೂ ಅದೇ ಪುಸ್ತಕ. ಹೊರೆ ಇಳಿಸುವ ನೆಪ ಒಪ್ಪಬಹುದಾದರೂ ತೆಗೆದದ್ದು ತಪ್ಪು ಭಾಗವನ್ನು. ಏಕೆಂದರೆ ಡಿಜಿಟಲ್ ಮೀಟರು ಈ ತತ್ವವನ್ನು ಬಿಟ್ಟು ಬೆಳೆದದ್ದಲ್ಲ. 1950ರ ದಶಕದ ಮೊದಲ ಡಿಜಿಟಲ್ ವೋಲ್ಟ್‌ಮೀಟರುಗಳಲ್ಲಿ ಜಾಕಿ ಹಿಡಿದ ಕೈಯ ಬದಲು ಸ್ವಿಚ್ಚುಗಳಿದ್ದವು. ಅವು ಪ್ರಮಾಣಿತ ವೋಲ್ಟಿನ ಭಾಗಗಳನ್ನು ಒಂದೊಂದೇ ಸೇರಿಸಿ ಬಿಡಿಸಿ, ಬಂದ ವೋಲ್ಟಿಗೆ ಸಮವಾಗುವ ತನಕ ಹುಡುಕುತ್ತಿದ್ದವು. ಇಂದಿಗೂ ಅನೇಕ ಚಿಪ್ಪುಗಳು ಮೊದಲು ಅರ್ಧ, ಆಮೇಲೆ ಕಾಲು, ಆಮೇಲೆ ಅರೆಕಾಲು ಎಂದು ಹೋಲಿಸುತ್ತಾ ಸೊನ್ನೆಯನ್ನೇ ಅರಸುತ್ತವೆ. 1 ಕೋಟಿ ಓಮ್ ಕೂಡ ಎಲ್ಲ ಕಡೆ ಸಾಲದು. ಆಮ್ಲೀಯತೆ ಅಳೆಯುವ ಗಾಜಿನ ಇಲೆಕ್ಟ್ರೋಡಿನ ಒಳರೋಧ 10 ಕೋಟಿ ಓಮ್ ಇದ್ದರೆ ಅದೇ ಮಲ್ಟಿಮೀಟರ್ ತೋರಿಸುವುದು ನಿಜವಾದ ವೋಲ್ಟಿನ ಹನ್ನೊಂದರಲ್ಲಿ ಒಂದು ಪಾಲು. ಇಲ್ಲಿ ತಂತಿಯ ಪೊಟೆನ್ಶಿಯೋಮೀಟರೂ ಕೈಚೆಲ್ಲುತ್ತದೆ. ಒಂದು ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಅಷ್ಟು ರೋಧದ ಮೂಲಕ ಹರಿಯುವುದು 10 ಪಿಕೋಆಂಪಿಯರ್, ಸಾಮಾನ್ಯ ಗ್ಯಾಲ್ವನೋಮೀಟರಿನ ಮುಳ್ಳಿಗೆ ಅದು ಇದ್ದೂ ಇಲ್ಲದ ಹಾಗೆ.