ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ: ಮ್ಯಾಕ್ ಮತ್ತು ವಿಂಡೋಸ್ ಡಿಸ್ಕ್

ಮದುವೆಯ ಫೋಟೊ, ವಿಡಿಯೊಗಳನ್ನೆಲ್ಲ ತುಂಬಿಸಿ ಸ್ಟುಡಿಯೊದವರು ಒಂದು ಟೆರಾಬೈಟ್‌ನ ಹಾರ್ಡ್ ಡಿಸ್ಕ್ ಕೊಟ್ಟಿದ್ದಾರೆ. ಮನೆಯಲ್ಲಿರುವುದು ಮ್ಯಾಕ್. ಡಿಸ್ಕ್ ಚುಚ್ಚಿದರೆ ಫೋಟೊ ತೆರೆಯುತ್ತದೆ, ವಿಡಿಯೊ ಓಡುತ್ತದೆ, ಬೇಕಾದ್ದನ್ನು ಮ್ಯಾಕ್‌ಗೆ ನಕಲು ಮಾಡಿಕೊಳ್ಳಲೂ ಬರುತ್ತದೆ. ಆದರೆ ಫೋನಿನಲ್ಲಿ ತೆಗೆದ ನಾಲ್ಕು ಫೋಟೊಗಳನ್ನು ಅದೇ ಡಿಸ್ಕ್‌ಗೆ ಸೇರಿಸೋಣವೆಂದರೆ ಆಗುವುದಿಲ್ಲ. ಹಳೆಯ ಫೈಲ್ ಅಳಿಸುವುದಕ್ಕೂ, ಫೋಲ್ಡರ್‌ನ ಹೆಸರು ಬದಲಿಸುವುದಕ್ಕೂ ಅವಕಾಶವಿಲ್ಲ. ಡಿಸ್ಕ್ ಕೆಟ್ಟಿದೆಯೆಂದು ಅಂಗಡಿಗೆ ಒಯ್ಯುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಡಿಸ್ಕ್‌ನ ಚಿಹ್ನೆಯನ್ನು ಆರಿಸಿ Command ಮತ್ತು I ಕೀಲಿಗಳನ್ನು ಒಟ್ಟಿಗೆ ಒತ್ತಿ. ತೆರೆದ ಕಿಟಕಿಯಲ್ಲಿ Format ಎಂಬುದರ ಎದುರು NTFS ಎಂದೂ, ಕೊನೆಯಲ್ಲಿ You can only read ಎಂದೂ ಇದ್ದರೆ ಡಿಸ್ಕ್‌ಗೆ ಏನೂ ಆಗಿಲ್ಲ.

ಎನ್‌ಟಿಎಫ್‌ಎಸ್ ಎಂಬುದು ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡಲು ಮೈಕ್ರೋಸಾಫ್ಟ್ 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ತಂದ ಪದ್ಧತಿ. ಇಂದಿಗೂ ವಿಂಡೋಸ್ ಕಂಪ್ಯೂಟರುಗಳ ಮುಖ್ಯ ಪದ್ಧತಿ ಅದೇ. ಮ್ಯಾಕ್ 2003ರ ಸುಮಾರಿನಿಂದ ಅದನ್ನು ಓದುತ್ತಿದೆ. ಬರೆಯುವ ಸೌಲಭ್ಯವನ್ನು ಮಾತ್ರ ಆ್ಯಪಲ್ ಬಳಕೆದಾರರಿಗೆ ಅಧಿಕೃತವಾಗಿ ಕೊಟ್ಟಿಲ್ಲ.

ಓದುವುದಕ್ಕೂ ಬರೆಯುವುದಕ್ಕೂ ಇಷ್ಟೇಕೆ ಅಂತರ? ಪಹಣಿಯನ್ನು ಅಕ್ಷರ ಬಲ್ಲ ಯಾರು ಬೇಕಾದರೂ ಓದಬಹುದು. ಅದರಲ್ಲಿ ಹೆಸರು ಬದಲಿಸಬೇಕಾದರೆ ಅದಕ್ಕೆ ಸೇರಿದ ಬೇರೆ ದಾಖಲೆಗಳೂ ತಾಳೆಯಾಗಬೇಕು. ಎನ್‌ಟಿಎಫ್‌ಎಸ್ ಡಿಸ್ಕ್‌ನಲ್ಲಿ ಒಂದು ಫೋಟೊ ಸೇರಿಸಿದರೂ ಹಾಗೆಯೇ. ಎಲ್ಲ ಫೈಲುಗಳ ಮುಖ್ಯ ಪಟ್ಟಿಯಲ್ಲಿ ಹೊಸ ನಮೂದು ಆಗಬೇಕು, ಖಾಲಿ ಜಾಗದ ನಕ್ಷೆ ತಿದ್ದಬೇಕು, ಫೋಲ್ಡರ್‌ನ ಸೂಚಿಯಲ್ಲಿ ಹೆಸರು ಸೇರಬೇಕು, ಈ ಬದಲಾವಣೆಗಳನ್ನು ಲಾಗ್‌ನಲ್ಲೂ ದಾಖಲಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹೊಸ ಫೋಟೊ ಮಾತ್ರವಲ್ಲ, ಮೊದಲೇ ಇದ್ದ ಫೈಲುಗಳೂ ಕೈತಪ್ಪಬಹುದು. ಹೊರಗಿನವರು ಸುರಕ್ಷಿತವಾಗಿ ಬರೆಯುವಷ್ಟು ಪೂರ್ಣ ವಿವರಗಳನ್ನು ಮೈಕ್ರೋಸಾಫ್ಟ್ ಪ್ರಕಟಿಸಿಲ್ಲ. ಹಾಗಾಗಿ ಓದುವುದಕ್ಕಷ್ಟೇ ನಿಲ್ಲುವುದು ಸುರಕ್ಷಿತ ದಾರಿ.

ಎಲ್ಲರೂ ಹೇಳುವ ಮೊದಲ ಪರಿಹಾರ ಎಕ್ಸ್‌ಫ್ಯಾಟ್. ಇದೂ ಮೈಕ್ರೋಸಾಫ್ಟ್‌ನದೇ. 2006ರಲ್ಲಿ ಬಂದ ಈ ಪದ್ಧತಿಯಲ್ಲಿ ಮ್ಯಾಕ್, ವಿಂಡೋಸ್ ಎರಡೂ ಓದಿ ಬರೆಯುತ್ತವೆ. ಹಳೆಯ ಫ್ಯಾಟ್32ನಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಮುಹೂರ್ತದ ಒಂದೇ ವಿಡಿಯೊ ಅದನ್ನು ದಾಟಿಬಿಡುತ್ತದೆ. ಎಕ್ಸ್‌ಫ್ಯಾಟ್‌ಗೆ ಆ ತೊಡಕಿಲ್ಲ. ಆದರೆ ಎಕ್ಸ್‌ಫ್ಯಾಟ್‌ನಲ್ಲಿ ಬದಲಾವಣೆಗಳ ಲಾಗ್ ಇರುವುದಿಲ್ಲ. ನಕಲು ನಡೆಯುತ್ತಿರುವಾಗ ಕೇಬಲ್ ಕಿತ್ತರೆ, ಎಲ್ಲಿಗೆ ನಿಂತಿತ್ತೆಂದು ನೋಡಿ ಸರಿಪಡಿಸಿಕೊಳ್ಳಲು ಅದರ ಬಳಿ ಆಧಾರವಿಲ್ಲ. ಪ್ರತಿ ಸಲವೂ Eject ಮಾಡಿಯೇ ತೆಗೆಯಬೇಕು. ಟೈಮ್ ಮಷೀನ್ ಬ್ಯಾಕಪ್ ಕೂಡ ಅದರ ಮೇಲೆ ನಡೆಯುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕೆಂದರೆ, ವಿಂಡೋಸ್ ಆಗಲಿ ಮ್ಯಾಕ್ ಆಗಲಿ ಎನ್‌ಟಿಎಫ್‌ಎಸ್ ಡಿಸ್ಕನ್ನು ಇದ್ದಲ್ಲೇ ಎಕ್ಸ್‌ಫ್ಯಾಟ್ ಮಾಡಿಕೊಡುವುದಿಲ್ಲ. ಡಿಸ್ಕ್ ಯುಟಿಲಿಟಿಯಲ್ಲಿ Erase ಒತ್ತಿದರೆ ಅದರಲ್ಲಿರುವುದೆಲ್ಲ ಹೋಗುತ್ತದೆ. ಮೊದಲು ಎಲ್ಲವನ್ನೂ ಬೇರೆಡೆಗೆ ಸಾಗಿಸಬೇಕು. ಮ್ಯಾಕ್‌ನ ಒಳಗಿನ ಸ್ಟೋರೇಜ್ 256 ಜಿಬಿ, ಮದುವೆಯ ಫೈಲುಗಳು 350 ಜಿಬಿ ಆದರೆ ಏನು ಮಾಡುವುದು?

ಒಂದು ವಿಂಡೋಸ್ ಕಂಪ್ಯೂಟರ್ ಸ್ವಲ್ಪ ಹೊತ್ತು ಸಿಕ್ಕರೆ ಡಿಸ್ಕನ್ನು ಅಳಿಸದೆಯೇ ಎರಡು ಪಾಲು ಮಾಡಬಹುದು. ಒಂದು ಟೆರಾಬೈಟ್‌ನ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 931 ಜಿಬಿ ಎಂದು ಕಾಣುತ್ತದೆ. Disk Management ತೆರೆದು ಆ ಡಿಸ್ಕ್‌ನ ಮೇಲೆ ಬಲ ಕ್ಲಿಕ್ ಮಾಡಿ Shrink Volume ಆರಿಸಿ. ಅದು ಲೆಕ್ಕವನ್ನು ಎಂಬಿಯಲ್ಲಿ ಕೇಳುತ್ತದೆ. 500 ಜಿಬಿ ಬೇಕಿದ್ದರೆ 512000 ಎಂದು ತುಂಬಿ. ಬಿಡುಗಡೆಯಾದ ಜಾಗ Unallocated ಎಂದು ಕಾಣಿಸಿದ ಮೇಲೆ ಅಲ್ಲಿ New Simple Volume ಒತ್ತಿ, ಪದ್ಧತಿ ಕೇಳಿದಾಗ exFAT ಆರಿಸಿ. ಇನ್ನು ಮ್ಯಾಕ್‌ಗೆ ಚುಚ್ಚಿದರೆ ಎರಡು ಡಿಸ್ಕ್ ಕಾಣುತ್ತವೆ: ಹಳೆಯ ಫೈಲುಗಳಿರುವ, ಓದಲಷ್ಟೇ ಬರುವ, ವಿಂಡೋಸ್ ಲೆಕ್ಕದಲ್ಲಿ ಸುಮಾರು 430 ಜಿಬಿಯದು ಒಂದು, ಬರೆಯಲೂ ಬರುವ, ಅದೇ ಲೆಕ್ಕದಲ್ಲಿ 500 ಜಿಬಿಯದು ಇನ್ನೊಂದು. ಕೆಲವೊಮ್ಮೆ ವಿಂಡೋಸ್ ಅಷ್ಟು ಕುಗ್ಗಿಸಲು ಒಪ್ಪುವುದಿಲ್ಲ, ಏಕೆಂದರೆ ಜರುಗಿಸಲಾಗದ ಕೆಲವು ಫೈಲುಗಳು ನಡುವೆ ಕೂತಿರುತ್ತವೆ. ಮುಂದೆ ಎನ್‌ಟಿಎಫ್‌ಎಸ್ ಪಾಲನ್ನು ಅಳಿಸಿದರೂ, ಆ ಜಾಗವನ್ನು ಎಕ್ಸ್‌ಫ್ಯಾಟ್ ಪಾಲಿಗೆ ಸೇರಿಸಿ ಹಿಗ್ಗಿಸಲು Disk Managementನಲ್ಲಿ ಬರುವುದಿಲ್ಲ. ಆದ್ದರಿಂದ ಯಾವ ಪಾಲು ಎಷ್ಟಿರಬೇಕೆಂದು ಮೊದಲೇ ಯೋಚಿಸಿ.

ಡಿಸ್ಕ್‌ನ ಪದ್ಧತಿಯನ್ನು ಮುಟ್ಟದೆ ಮ್ಯಾಕ್‌ಗೇ ಬರೆಯುವುದನ್ನು ಕಲಿಸುವುದು ಎರಡನೆಯ ದಾರಿ. ಪ್ಯಾರಾಗಾನ್, ಟಕ್ಸೆರಾ ಕಂಪನಿಗಳ ಡ್ರೈವರ್‌ಗಳು ಹಣಕ್ಕೆ ಸಿಗುತ್ತವೆ. ಹಾಕಿಕೊಂಡ ಮೇಲೆ ಎನ್‌ಟಿಎಫ್‌ಎಸ್ ಡಿಸ್ಕ್ ಬೇರೆ ಡಿಸ್ಕ್‌ನಂತೆಯೇ ನಡೆದುಕೊಳ್ಳುತ್ತದೆ. ಮ್ಯಾಕ್‌ಫ್ಯೂಸ್ ಜೊತೆ ಎನ್‌ಟಿಎಫ್‌ಎಸ್-3ಜಿ ಹಾಕಿದರೆ ಹಣ ಕೊಡಬೇಕಿಲ್ಲ, ಆದರೆ ಟರ್ಮಿನಲ್‌ನಲ್ಲಿ ಆದೇಶ ಟೈಪಿಸುವ ರೂಢಿ ಬೇಕು, ವೇಗವೂ ಕಡಿಮೆ. ಇಂಥ ಡ್ರೈವರ್ ವ್ಯವಸ್ಥೆಯ ತಿರುಳಿಗೇ ಇಳಿದು ಕೆಲಸ ಮಾಡುವಂಥದ್ದಾದರೆ, ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗಳಲ್ಲಿ ರಿಕವರಿಗೆ ಹೋಗಿ Reduced Security ಆರಿಸಬೇಕಾಗುತ್ತದೆ. ಕಾವಲು ಒಂದು ಹಂತ ಇಳಿಸಿದಂತೆ. ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗ ಒಪ್ಪದಿರಬಹುದು. ಮ್ಯಾಕ್‌ಒಎಸ್‌ನ ದೊಡ್ಡ ಅಪ್‌ಡೇಟ್ ಬಂದಾಗ ಡ್ರೈವರ್‌ನ ಹೊಸ ಆವೃತ್ತಿಗೆ ಕಾಯಬೇಕಾಗುವುದೂ ಉಂಟು.

ಡ್ರೈವರ್ ಇದ್ದರೂ ಡಿಸ್ಕ್ ಓದುವುದಕ್ಕಷ್ಟೇ ತೆರೆದುಕೊಂಡರೆ, ಹಿಂದಿನ ಸಲ ಅದನ್ನು ವಿಂಡೋಸ್‌ನಿಂದ ಹೇಗೆ ತೆಗೆದಿರಿ ಎಂದು ನೆನಪಿಸಿಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್, ಶಟ್‌ಡೌನ್ ಮಾಡಿದರೂ ನಿಜದಲ್ಲಿ ಅರೆನಿದ್ದೆಗೆ ಜಾರುತ್ತದೆ. ಆಗ ಡಿಸ್ಕ್ ಚುಚ್ಚಿಯೇ ಇದ್ದರೆ ಅದರ ಲೆಕ್ಕ ಮುಗಿದಿರುವುದಿಲ್ಲ. ಅಂಥ ಡಿಸ್ಕ್‌ಗೆ ಬರೆಯಲು ಡ್ರೈವರ್ ಒಪ್ಪದಿರುವುದು ಸರಿಯಾದ ನಡತೆಯೇ. ಮತ್ತೆ ವಿಂಡೋಸ್‌ಗೆ ಚುಚ್ಚಿ Eject ಮಾಡಿ ತೆಗೆಯಿರಿ, ಇಲ್ಲವೇ ಈ ಆದೇಶದಿಂದ ಪೂರ್ತಿ ಮುಚ್ಚಿ:

```
shutdown /s /t 0
```

ಮೂರನೆಯ ದಾರಿಗೆ ಖರ್ಚಿಲ್ಲ. ಡಿಸ್ಕನ್ನು ವಿಂಡೋಸ್ ಕಂಪ್ಯೂಟರ್‌ಗೇ ಚುಚ್ಚಿ, ಅದರ ಫೋಲ್ಡರ್ ಒಂದನ್ನು ಬರೆಯುವ ಅನುಮತಿ ಕೊಟ್ಟು ಮನೆಯ ವೈಫೈಯಲ್ಲಿ ಹಂಚಿ. ಮ್ಯಾಕ್‌ನ ಫೈಂಡರ್‌ನಲ್ಲಿ Go ಮೆನುವಿನ Connect to Server ತೆರೆದು, smb:// ಎಂದು ಬರೆದು ಮುಂದೆ ಆ ಕಂಪ್ಯೂಟರಿನ ಐಪಿ ವಿಳಾಸ ಸೇರಿಸಿ. ಡಿಸ್ಕ್‌ಗೆ ಬರೆಯುವುದು ಇಲ್ಲಿ ವಿಂಡೋಸೇ, ಮ್ಯಾಕ್ ಫೈಲನ್ನು ಕಳಿಸುತ್ತದೆ ಅಷ್ಟೆ. ಲಾಗಿನ್ ಕೇಳಿದಾಗ ವಿಂಡೋಸ್‌ನ ನಾಲ್ಕಂಕಿಯ ಪಿನ್ ನಡೆಯುವುದಿಲ್ಲ, ಖಾತೆಯ ಪಾಸ್‌ವರ್ಡೇ ಬೇಕು. ಹಲವರು ಎಡವುವುದು ಇಲ್ಲಿಯೇ. ದೊಡ್ಡ ವಿಡಿಯೊಗಳಿಗೆ ವೈಫೈ ನಿಧಾನ. ನಾಲ್ಕು ಫೋಟೊ ಸೇರಿಸಲು ಧಾರಾಳ ಸಾಕು.

ಡಿಸ್ಕ್ ಮುಂದೆ ಎಲ್ಲಿ ಓಡಾಡಲಿದೆ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಎರಡೂ ಬಗೆಯ ಕಂಪ್ಯೂಟರುಗಳ ನಡುವೆ ತಿರುಗುವುದಾದರೆ ಎಕ್ಸ್‌ಫ್ಯಾಟ್ ಸರಿ. ವಿಂಡೋಸ್‌ನಲ್ಲೇ ನೆಲೆ ನಿಂತು ಆಗಾಗ ಮ್ಯಾಕ್‌ಗೆ ಬರುವುದಾದರೆ ನೆಟ್‌ವರ್ಕ್ ಸಾಕು. ದಿನಾ ಬರುವುದಾದರೆ ಹಣ ಕೊಟ್ಟು ಡ್ರೈವರ್ ಹಾಕಿಕೊಳ್ಳಿ. ಇನ್ನು ಮುಂದೆ ಮ್ಯಾಕ್‌ನಲ್ಲಷ್ಟೇ ಬಳಸುವುದಾದರೆ ಫೈಲುಗಳನ್ನು ಬೇರೆಡೆ ಇಟ್ಟು ಡಿಸ್ಕನ್ನು ಆ್ಯಪಲ್‌ನದೇ ಎಪಿಎಫ್‌ಎಸ್‌ಗೆ ಬದಲಿಸಿ. ಯಾವುದನ್ನು ಆರಿಸಿದರೂ, Erase ಅಥವಾ Shrink ಒತ್ತುವ ಮೊದಲು ಮದುವೆಯ ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿರಲಿ.