‘ಬಹುಪಾಲು’ ಎನ್ನಲು ಎಷ್ಟು ಮನೆ ಬೇಕು?

ಅಕ್ಕಲಕೋಟ ತಾಲ್ಲೂಕಿನ ಕನ್ನಡ ಮನೆಗಳಿಂದ ಯಾದೃಚ್ಛಿಕವಾಗಿ ಆಯ್ದ 25ರಲ್ಲಿ, 15 ಮನೆಗಳ ಮಕ್ಕಳು ತಮ್ಮತಮ್ಮೊಳಗೆ ಮರಾಠಿಯಾಡುತ್ತಾರೆಂದು ಭಾವಿಸೋಣ. ‘ಬಹುಪಾಲು ಮನೆಗಳಲ್ಲಿ ಭಾಷಾಪಲ್ಲಟವಾಗಿದೆ, ಕನ್ನಡ ಶಾಲೆ ಅನಗತ್ಯ’ ಎಂಬ ವಾದಕ್ಕೆ ಈ ಶೇ. 60 ಸಾಲದು. 0.6ನ್ನು 0.4ರಿಂದ ಗುಣಿಸಿ, 25ರಿಂದ ಭಾಗಿಸಿ, ವರ್ಗಮೂಲವನ್ನು ಇಮ್ಮಡಿಸಿದರೆ ಶೇ. 95ರ ವಿಶ್ವಾಸಮಟ್ಟದ ದೋಷಮಿತಿ ದೊರೆಯುತ್ತದೆ: ಸುಮಾರು 0.2. ಅಂದರೆ ನಿಜಸ್ಥಿತಿ ಶೇ. 40ರಿಂದ 80ರ ನಡುವೆ ಎಲ್ಲಿಯೂ ಇರಬಹುದು. ಅರ್ಧದ ಗೆರೆ ಆ ವ್ಯಾಪ್ತಿಯೊಳಗೇ ಇದೆ. ಮಿತಿಯನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು, ಅಂದರೆ 100 ಮನೆಗಳು ಬೇಕು.

ಮನೆಗಳೆಲ್ಲ ಒಂದೇ ಓಣಿಯವಾದರೆ ಈ ಲೆಕ್ಕವೂ ನಿಲ್ಲದು. ನೆರೆಹೊರೆಯವರ ನುಡಿರೂಢಿ ಹೋಲುವುದರಿಂದ 25 ಮನೆಗಳು ಅಷ್ಟು ಸ್ವತಂತ್ರ ಸಾಕ್ಷ್ಯಗಳಲ್ಲ. ಇನ್ನು ಸೊಲ್ಲಾಪುರ ನಗರದ ಕುರಿತು ಈ ಮಾದರಿ ಏನನ್ನೂ ಹೇಳಲಾರದು: ಅಲ್ಲಿಯ ಯಾವ ಮನೆಗೂ ಆಯ್ಕೆಯಾಗುವ ಅವಕಾಶವೇ ಇರಲಿಲ್ಲ.