ಇಪ್ಪತ್ತು ಪೀಸ್‌ಗೆ ನಿಂತ ಬಿಲ್

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್ ದೊಡ್ಡ ಕಾರ್ಖಾನೆಯೊಂದಕ್ಕೆ 500 ಬ್ರಾಕೆಟ್ ಮಾಡಿ ಕಳಿಸಿತು ಎಂದಿಟ್ಟುಕೊಳ್ಳಿ. ಒಂದಕ್ಕೆ 240 ರೂಪಾಯಿಯಂತೆ 1,20,000, ಅದರ ಮೇಲೆ ಶೇ 18ರ ಜಿಎಸ್‌ಟಿ 21,600, ಒಟ್ಟು ಬಿಲ್ 1,41,600 ರೂಪಾಯಿ. ಜೂನ್ 3ರಂದು ಮಾಲು ಕಾರ್ಖಾನೆಯ ಗೇಟ್ ದಾಟಿತು. ತಪಾಸಣೆಯಲ್ಲಿ 20 ಪೀಸ್‌ಗಳ ತೂತಿನ ಅಳತೆ ತಪ್ಪಿರುವುದು ಕಂಡಿತು. ಸ್ಟೋರ್ಸ್‌ನವರು 480ಕ್ಕೆ ಮಾತ್ರ ಜಿಆರ್‌ಎನ್, ಅಂದರೆ ಮಾಲು ಸ್ವೀಕರಿಸಿದ ದಾಖಲೆ, ಮಾಡಿ ಸುಮ್ಮನಾದರು. ಎರಡು ದಿನದ ಮೇಲೆ ಬಿಲ್ ಅಕೌಂಟ್ಸ್‌ಗೆ ಬಂತು. ಪರ್ಚೇಸ್ ಆರ್ಡರ್, ಜಿಆರ್‌ಎನ್, ಬಿಲ್ ಈ ಮೂರನ್ನೂ ಸಾಫ್ಟ್‌ವೇರ್ ತಾಳೆ ನೋಡಿತು. 500ಕ್ಕೂ 480ಕ್ಕೂ ಹೊಂದಲಿಲ್ಲ, ಬಿಲ್ ಹೋಲ್ಡ್ ಆಯಿತು.

ತಕರಾರು ಇರುವುದು 20 ಪೀಸ್‌ನದು. ತೆರಿಗೆ ಸೇರಿ 5,664 ರೂಪಾಯಿ. ಆದರೆ ನಿಂತುಹೋದದ್ದು ಪೂರ್ತಿ 1,41,600. ಅಲ್ಲಿ ವರ್ಕ್‌ಶಾಪ್ ಮಾಲೀಕರು ಕೆಲಸಗಾರರ ಸಂಬಳಕ್ಕೆ ಆ ಹಣವನ್ನೇ ನೆಚ್ಚಿಕೊಂಡಿರುತ್ತಾರೆ. ಫೋನ್ ಮಾಡಿದರೆ ಸಿಗುವ ಉತ್ತರ ಒಂದೇ: "ಪ್ರೋಸೆಸ್‌ನಲ್ಲಿದೆ ಸರ್."

ಹೋಲ್ಡ್ ಮಾಡುವುದು ತಪ್ಪಲ್ಲ. ಬಾರದ ಮಾಲಿಗೆ ಹಣ ಹೋಗದಂತೆ ತಡೆಯುವುದು ಅಕೌಂಟ್ಸ್‌ನವರ ಕೆಲಸವೇ. ತಪ್ಪು ಶುರುವಾಗುವುದು ಆಮೇಲೆ. ಹೋಲ್ಡ್ ಹಾಕಿದವರು ಅಕೌಂಟ್ಸ್, ಅದನ್ನು ಬಗೆಹರಿಸಬೇಕಾದವರು ಸ್ಟೋರ್ಸ್, ಕ್ವಾಲಿಟಿ, ಇಲ್ಲವೇ ಪರ್ಚೇಸ್. ಬೈಗುಳ ತಿನ್ನುವವರು ಮಾತ್ರ ಮತ್ತೆ ಅಕೌಂಟ್ಸ್. ಹಾಗಾಗಿ ಕೆಲಸ ಬಲ್ಲ ಗುಮಾಸ್ತರು ಹೋಲ್ಡ್ ಆದ ದಿನವೇ ಒಂದು ಪ್ರಶ್ನೆ ಕಳಿಸುತ್ತಾರೆ. "ಈ ಬಿಲ್ ನೋಡಿ" ಎಂದಲ್ಲ. "ಈ 20 ಪೀಸ್ ವಾಪಸ್ ಕಳಿಸಿ ಹಣ ಕಡಿತ ಮಾಡುತ್ತೀರೋ, ಸರಿಪಡಿಸಿ ತರಿಸಿಕೊಳ್ಳುತ್ತೀರೋ?" ಎಂದು. ಉತ್ತರ ಯಾವುದು ಎಂಬುದರ ಮೇಲೆ ಮುಂದಿನ ದಾರಿ ಬೇರೆಯಾಗುತ್ತದೆ. ಕಡಿತವಾದರೆ ಸರಬರಾಜುದಾರರಿಂದ 4,800 ಮತ್ತು 864ರ ತೆರಿಗೆ ಸೇರಿದ ಕ್ರೆಡಿಟ್ ನೋಟ್ ತರಿಸಿ, ಉಳಿದ 1,35,936 ರೂಪಾಯಿ ಬಿಡುಗಡೆ ಮಾಡಬಹುದು. ಸರಿಪಡಿಸಿ ತರಿಸುವುದಾದರೆ ಕ್ರೆಡಿಟ್ ನೋಟ್ ಬೇಡ, ಆ 20 ಮರಳಿ ಬಂದಾಗ ಜಿಆರ್‌ಎನ್ ಆದರೆ ಸಾಕು. ಇದು ತೀರ್ಮಾನವಾಗದೆ ಎರಡೂ ಅರ್ಧರ್ಧ ನಡೆಯುವುದುಂಟು. ಸರಬರಾಜುದಾರರು ಬದಲಿ ಮಾಲಿಗೆ ಹೊಸ ಬಿಲ್ ಹಾಕಿ ಕಳಿಸುತ್ತಾರೆ, ಹಳೆಯ ಬಿಲ್‌ಗೆ ಕ್ರೆಡಿಟ್ ನೋಟ್ ಬಂದಿರುವುದಿಲ್ಲ. ಆಗ ಒಂದು ಹೋಲ್ಡ್ ಎರಡಾಗುತ್ತದೆ.

ಪ್ರಶ್ನೆ ಕಳಿಸಿದರೆ ಸಾಲದು, ಅದು ಎಲ್ಲಿ ಕೂತಿದೆ ಎಂಬುದೂ ಗೊತ್ತಿರಬೇಕು. ಇದಕ್ಕೆ ದೊಡ್ಡ ವ್ಯವಸ್ಥೆಯೇನೂ ಬೇಡ, ಒಂದು ಎಕ್ಸೆಲ್ ಹಾಳೆ ಸಾಕು. ಬಿಲ್ ನಂಬರು, ಮಾಲು ಬಂದ ದಿನ, ಹೋಲ್ಡ್‌ನ ಕಾರಣ, ತಕರಾರಿನ ಮೊತ್ತ, ಈಗ ಯಾರ ಉತ್ತರಕ್ಕೆ ಕಾಯುತ್ತಿದ್ದೇವೆ, ಅವರು ಯಾವತ್ತು ಹೇಳುತ್ತೇನೆಂದಿದ್ದಾರೆ, ಸರಬರಾಜುದಾರರಿಗೆ ಕೊನೆಯದಾಗಿ ಯಾವತ್ತು ತಿಳಿಸಿದೆವು, ಇಷ್ಟು ಕಾಲಂ. "ಯಾರು" ಎನ್ನುವ ಕಾಲಂನಲ್ಲಿ ಇಲಾಖೆಯ ಹೆಸರು ಬರೆಯಬಾರದು, ವ್ಯಕ್ತಿಯ ಹೆಸರೇ ಬೇಕು. "ಪರ್ಚೇಸ್‌ಗೆ ಕಳಿಸಿದೆ" ಎಂದು ಬರೆದ ಸಾಲು ತಿಂಗಳಾದರೂ ಅಲುಗುವುದಿಲ್ಲ.

ಅಷ್ಟರಲ್ಲಿ ಕಾನೂನಿನ ದಿನಗಳೂ ಓಡುತ್ತಿರುತ್ತವೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, ಉದ್ಯಮ್ ನೋಂದಣಿ ಇರುವ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗೆ ಮಾಲು ಸ್ವೀಕಾರವಾದ ದಿನದಿಂದ, ಲಿಖಿತ ಒಪ್ಪಂದವಿದ್ದರೂ, 45 ದಿನ ಮೀರದಂತೆ ಹಣ ಕೊಡಬೇಕು. ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ಖರೀದಿದಾರರು ಮಾಲು ಬಂದ 15 ದಿನದೊಳಗೆ ಲಿಖಿತವಾಗಿ ಆಕ್ಷೇಪಿಸಿದರೆ, ಆ ಆಕ್ಷೇಪ ಬಗೆಹರಿದ ದಿನವೇ ಸ್ವೀಕಾರದ ದಿನ. ಬರೆದು ತಿಳಿಸದಿದ್ದರೆ ಮಾಲು ಬಂದ ದಿನವೇ ಸ್ವೀಕರಿಸಿದಂತೆ.

ನಮ್ಮ ಬ್ರಾಕೆಟ್ ಬಿಲ್‌ಗೆ ಇದನ್ನು ಹಚ್ಚಿ ನೋಡಿ. ಕಾರ್ಖಾನೆಯವರು ಜೂನ್ 6ಕ್ಕೆ ಇಮೇಲ್‌ನಲ್ಲಿ 20 ಪೀಸ್‌ನ ದೋಷ ತಿಳಿಸಿ, ಜೂನ್ 12ಕ್ಕೆ ಅದು ಇತ್ಯರ್ಥವಾದರೆ, 45 ದಿನದ ಎಣಿಕೆ 12ರಿಂದ. ಗಡುವು ಜುಲೈ 27. ಕಂಪ್ಯೂಟರಿನಲ್ಲಿ ಹೋಲ್ಡ್ ಹಾಕಿ ಬಾಯಿ ಮುಚ್ಚಿಕೊಂಡಿದ್ದರೆ ಎಣಿಕೆ ಜೂನ್ 3ರಿಂದಲೇ. ಗಡುವು ಜುಲೈ 18. ತಮ್ಮ ಸಾಫ್ಟ್‌ವೇರ್‌ನೊಳಗಿನ ಹೋಲ್ಡ್ ಯಾರಿಗೂ ಕೊಟ್ಟ ನೋಟಿಸ್ ಅಲ್ಲ ಎಂಬುದು ಬಹಳ ಕಚೇರಿಗಳಿಗೆ ಹೊಳೆಯುವುದೇ ಇಲ್ಲ. ಗಡುವು ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ಕೊಡಬೇಕಾಗುತ್ತದೆ.

ತಕರಾರು ಮುಗಿದ ಮೇಲೂ ಹಣ ಬಾರದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಇರುತ್ತವೆ. ಸಾಫ್ಟ್‌ವೇರ್ ತಾನೇ ಹಾಕಿದ ಹೋಲ್ಡ್ ಒಂದು ಬಗೆ, ಯಾರೋ ಕೈಯಾರೆ ಹಾಕಿದ್ದು ಇನ್ನೊಂದು. ಸ್ಯಾಪ್‌ನಲ್ಲಿ ತಾಳೆಯಾಗದ ಬಿಲ್‌ಗೆ `R` ಎಂಬ ತಡೆ ಬೀಳುತ್ತದೆ, ಕಾರಣ ಸರಿಹೋದ ಮೇಲೆ `MRBR` ಮೂಲಕ ಅದನ್ನು ಬಿಡಿಸುತ್ತಾರೆ. ಕೈಯಾರೆ ಹಾಕಿದ `A` ತಡೆಯನ್ನು ಮತ್ತೆ ಕೈಯಾರೆಯೇ ತೆಗೆಯಬೇಕು. ಮೂರು ದಾಖಲೆಯೂ ತಾಳೆಯಾಗಿದ್ದು ಹಣ ಮಾತ್ರ ಹೋಗದ ಬಿಲ್‌ಗಳ ಪಟ್ಟಿ ತೆಗೆದರೆ ಇಂಥ ಮರೆತ ತಡೆಗಳು ಸಿಕ್ಕಿಬೀಳುತ್ತವೆ. ಎರಡನೆಯದು, ಹೋಲ್ಡ್ ತೆಗೆದ ದಿನದಿಂದ ಗಡುವನ್ನು ಹೊಸದಾಗಿ ಎಣಿಸುವ ಚಾಳಿ. ತಡವಾದದ್ದು ಸ್ಟೋರ್ಸ್‌ನವರು ಜಿಆರ್‌ಎನ್ ಮಾಡದಿದ್ದುದರಿಂದ, ಇನ್ನೊಮ್ಮೆ 45 ದಿನ ಕಾಯಬೇಕಾದವರು ಸರಬರಾಜುದಾರರು. ಇದು ಶುದ್ಧ ಅನ್ಯಾಯ.

ಇನ್ನು ಉತ್ತರದ ಮಾತು. ಹಣ ಯಾವತ್ತು ಎಂದು ಹೇಳಲಾಗದಿದ್ದರೂ ಉತ್ತರ ಕೊಡಬಹುದು. "ಸರ್, ನಿಮ್ಮ ಬಿಲ್‌ನಲ್ಲಿ 500 ಇದೆ, ನಮ್ಮಲ್ಲಿ ಸ್ವೀಕಾರ 480. ತೂತಿನ ಅಳತೆ ತಪ್ಪಿದ 20 ಪೀಸ್ ತಿರಸ್ಕೃತವಾಗಿವೆ, ತಪಾಸಣಾ ವರದಿ ಲಗತ್ತಿಸಿದೆ. ಒಪ್ಪಿಗೆಯಿದ್ದರೆ 5,664 ರೂಪಾಯಿಗೆ ಕ್ರೆಡಿಟ್ ನೋಟ್ ಕಳಿಸಿ. ಬುಧವಾರದೊಳಗೆ ಬಂದರೆ ಈ ಶುಕ್ರವಾರದ ಪೇಮೆಂಟ್‌ಗೆ ಸೇರುತ್ತದೆ, ತಪ್ಪಿದರೆ ಮುಂದಿನ ಶುಕ್ರವಾರ." ಇಷ್ಟು ಬರೆದರೆ ಮತ್ತೆ ಫೋನ್ ಬರುವುದಿಲ್ಲ. ಉತ್ತರವೇ ಬಾರದಿದ್ದರೆ ಸರಬರಾಜುದಾರರು ಬಿಲ್ ಕಳೆದುಹೋಯಿತೇನೋ ಎಂದು ಇನ್ನೊಮ್ಮೆ ಕಳಿಸುತ್ತಾರೆ. ಮೊದಲ ಸಲ `INV/045` ಎಂದು ನಮೂದಾದದ್ದು ಎರಡನೇ ಸಲ ಬೇರೊಬ್ಬರ ಕೈಯಲ್ಲಿ `INV-45` ಆಗುತ್ತದೆ. ಕಂಪ್ಯೂಟರಿಗೆ ಅವು ಎರಡು ಬಿಲ್. ಒಂದೇ ಮಾಲಿಗೆ ಎರಡು ಸಲ ಹಣ ಹೋಗುವುದು ಹೀಗೂ ಉಂಟು.

ಸರಬರಾಜುದಾರರು ತಮ್ಮ ಕಡೆಯಿಂದ ಪಿಒ ನಂಬರು ಮತ್ತು ಉದ್ಯಮ್ ನೋಂದಣಿ ಸಂಖ್ಯೆಯನ್ನು ಬಿಲ್ ಮೇಲೆಯೇ ಅಚ್ಚು ಹಾಕಿಸಿ, ಗೇಟ್‌ನಲ್ಲಿ ಮಾಲು ಇಳಿಸಿದ ದಿನವೇ ಡಿಸಿ ಪ್ರತಿಗೆ ತಾರೀಖು ಸಹಿತ ಸೀಲ್ ಹಾಕಿಸಿಕೊಳ್ಳಲಿ. ಬಿಲ್ ಹೋಲ್ಡ್ ಆಗಿದೆ ಎಂದು ಫೋನ್‌ನಲ್ಲಿ ಯಾರಾದರೂ ಹೇಳಿದರೆ ಕಾರಣವನ್ನು ಇಮೇಲ್‌ನಲ್ಲಿ ಕೇಳಿ ಪಡೆಯಲಿ. ಮುಂದೆ ಕೇಂದ್ರದ ಎಂಎಸ್‌ಎಂಇ ಪೋರ್ಟಲ್‌ನಲ್ಲಿ ದೂರು ಕೊಡುವ ಪ್ರಸಂಗ ಬಂದರೆ ಕೇಳುವುದು ಈ ಕಾಗದಗಳನ್ನೇ.